ಡೇಟಾ ಲೇಬಲಿಂಗ್: ಗಂಟೆಗೆ ಎಷ್ಟು ಬೀಳುತ್ತದೆ?

ಪ್ರಶ್ನೆ: ಡೇಟಾ ಲೇಬಲಿಂಗ್, ಮೈಕ್ರೋಟಾಸ್ಕ್ ಸೈಟುಗಳಲ್ಲಿ ಹೊಸಬರು ಸಮಯ ಹಾಕಿದರೆ ಗಿಟ್ಟುತ್ತದಾ?

ಕಂಪ್ಯೂಟರಿಗೆ ಕಲಿಸಲೆಂದು ಫೋಟೋ, ಧ್ವನಿ, ಬರಹಗಳಿಗೆ ಗುರುತು ಹಾಕುವುದೇ ಡೇಟಾ ಲೇಬಲಿಂಗ್; ಇಂಥ ಚಿಕ್ಕಪುಟ್ಟ ಆನ್‌ಲೈನ್ ಕೆಲಸಗಳೇ ಮೈಕ್ರೋಟಾಸ್ಕ್. ಬಿಡುವಿನ ವೇಳೆಯ ಕೈಖರ್ಚಿಗೆ ಆದೀತು, ಸಂಬಳದ ಬದಲಿಗೆ ಆಗದು. ಸಾಮಾನ್ಯವಾಗಿ ದುಡ್ಡು ಸಿಗುವುದು ಒಪ್ಪಿಗೆಯಾದ ಕೆಲಸಕ್ಕೆ ಮಾತ್ರ. ಕೆಲಸ ಹುಡುಕುವ, ಸೂಚನೆ ಓದುವ, ಅರ್ಹತಾ ಪರೀಕ್ಷೆ ಬರೆಯುವ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ.

ಒಂದು ಫೋಟೋದಲ್ಲಿರುವ ವಾಹನಗಳ ಸುತ್ತ ಚೌಕ ಎಳೆದರೆ 1 ರೂಪಾಯಿ ಎಂದಿಟ್ಟುಕೊಳ್ಳಿ. ಎರಡು ಗಂಟೆಯಲ್ಲಿ 120 ಫೋಟೋ ಮುಗಿಸಿದಿರಿ. ಚೌಕದೊಳಗೆ ಬೈಕಿನ ಕನ್ನಡಿ ಬಂದಿಲ್ಲ ಎಂದು 30 ತಿರಸ್ಕೃತವಾದವು. ಹುಡುಕಾಟಕ್ಕೇ ಇನ್ನೊಂದು ಗಂಟೆ ಹೋಗಿತ್ತು. ಮೂರು ಗಂಟೆಗೆ 90, ಅಂದರೆ ಗಂಟೆಗೆ ಬರೀ 30 ರೂಪಾಯಿ.

ಎರಡು ವಾರ ಹೀಗೇ ಬರೆದಿಡಿ. ಕೈ ಪಳಗಿದ ಮೇಲೂ ಈ ಅಂಕಿ ಏರದಿದ್ದರೆ ಬಿಟ್ಟುಬಿಡಿ. ಕನ್ನಡ ಧ್ವನಿಯನ್ನು ಬರಹಕ್ಕಿಳಿಸುವಂಥ ಕೆಲಸ ಕಂಡರೆ ಅದನ್ನೇ ಮೊದಲು ನೋಡಿ. ಅಲ್ಲಿ ಪೈಪೋಟಿ ಕಡಿಮೆ ಇರಬಹುದು. ಸೇರಲು ಶುಲ್ಕ ಕೇಳುವ ಸೈಟಿನ ತಂಟೆಗೆ ಮಾತ್ರ ಹೋಗಬೇಡಿ.