ಕಲರ್‌ಬ್ಲೈಂಡ್ ಮೋಡ್ ಹಾಕಿದರೂ ತಮ್ಮನಿಗೆ ಏನೂ ಬದಲಾಗಿಲ್ಲವಂತೆ, ಯಾಕೆ?

ಪ್ರಶ್ನೆ: "ನನ್ನ ತಮ್ಮನಿಗೆ ಕೆಂಪು ಹಸಿರು ಸರಿಯಾಗಿ ಗೊತ್ತಾಗೋದಿಲ್ಲ. ಶೂಟಿಂಗ್ ಗೇಮಿನಲ್ಲಿ ಶತ್ರು ಎಲ್ಲಿದ್ದಾನೆ ಅಂತ ಕಾಣದೆ ಸುಮ್ನೆ ಸಾಯ್ತಿರ್ತಾನೆ. ಸೆಟ್ಟಿಂಗ್ಸ್‌ನಲ್ಲಿ ಕಲರ್‌ಬ್ಲೈಂಡ್ ಮೋಡ್ ಹಾಕಿಕೊಟ್ಟೆ. ನನಗೆ ಎಲ್ಲಾ ಬಣ್ಣ ವಿಚಿತ್ರವಾಗಿ ಕಾಣುತ್ತೆ, ಅವನು ಮಾತ್ರ ಏನೂ ವ್ಯತ್ಯಾಸ ಇಲ್ಲ ಅಂತಾನೆ. ಈ ಆಪ್ಷನ್‌ಗಳೆಲ್ಲ ನಿಜವಾಗಿ ಕೆಲಸ ಮಾಡುತ್ತವಾ?"

ನಿಮ್ಮ ತಮ್ಮ ಹೇಳಿದ್ದರಲ್ಲೇ ಉತ್ತರದ ಅರ್ಧ ಇದೆ. ಅವನ ಮಾತು ನಂಬಿ.

ನಾನೂ ಅವನ ಹಾಗೇ. ನಮ್ಮದು ಮೂಡಿಗೆರೆ ಕಡೆ. ಚಿಕ್ಕವನಿದ್ದಾಗ ಕಾಫಿ ಕೊಯ್ಲಿಗೆ ಹೋದರೆ ಎಲ್ಲರ ಬುಟ್ಟಿ ತುಂಬಿರುತ್ತಿತ್ತು, ನಂದು ಅರ್ಧ. ಎಲೆ ನಡುವೆ ಹಣ್ಣು ಎಲ್ಲರಿಗೂ ದೂರದಿಂದಲೇ ಎದ್ದು ಕಾಣುತ್ತಿತ್ತು, ನಾನು ಮಾತ್ರ ರೆಂಬೆ ಹಿಡಿದು ಹತ್ತಿರದಿಂದ ನೋಡಬೇಕಿತ್ತು. ಸೋಮಾರಿ ಅಂತ ಬೈಸಿಕೊಂಡಿದ್ದೇ ಜಾಸ್ತಿ. ಗೇಮಿನಲ್ಲಿ ಹಸಿರು ಪೊದೆ ಮುಂದೆ ಕೆಂಪು ಗೆರೆ ಹಾಕಿಕೊಂಡು ನಿಂತ ಶತ್ರುವಿನ ಕಥೆಯೂ ಅಷ್ಟೇ. ಬಣ್ಣ ಕಾಣುವುದಿಲ್ಲ ಅಂತಲ್ಲ, ಎರಡೂ ಹೆಚ್ಚುಕಮ್ಮಿ ಒಂದೇ ಹೊಳಪಿನಲ್ಲಿದ್ದರೆ ಒಂದರೊಳಗೊಂದು ಕರಗಿಬಿಡುತ್ತವೆ.

ಈಗ ನಿಮ್ಮ ಸಮಸ್ಯೆಗೆ ಬರೋಣ. ಈ ಮೋಡ್‌ಗಳಲ್ಲಿ ಪರದೆ ಪೂರ್ತಿ ಬಣ್ಣ ಬದಲಾಯಿಸುವ ಫಿಲ್ಟರ್‌ಗಳೇ ಜಾಸ್ತಿ. ಅವುಗಳಲ್ಲಿ ಎರಡು ಜಾತಿ. ಒಂದು, ನಮಗೆ ಬೇರೆ ಮಾಡಲಾಗದ ಬಣ್ಣಗಳನ್ನು ನಮಗೆ ಕಾಣುವ ನೀಲಿ-ಹಳದಿ ಕಡೆಗೆ ತಳ್ಳುವುದು. ಇದು ನಮಗಾಗಿ ಮಾಡಿದ್ದು. ಇನ್ನೊಂದು, ನಮ್ಮ ಕಣ್ಣಿಗೆ ಲೋಕ ಹೇಗೆ ಕಾಣುತ್ತದೆ ಅಂತ ಬೇರೆಯವರಿಗೆ ತೋರಿಸುವ ಅನುಕರಣೆ. ಇದನ್ನು ಡೆವಲಪರ್‌ಗಳು ತಮ್ಮ ಗೇಮ್ ಪರೀಕ್ಷೆ ಮಾಡಿಕೊಳ್ಳಲು ಬಳಸುತ್ತಾರೆ. ಕೆಲವು ಗೇಮುಗಳಲ್ಲಿ ಈ ಎರಡನೆಯದನ್ನೇ ತಂದು ಸಹಾಯ ಅಂತ ಮೆನುವಿನಲ್ಲಿ ಕೂರಿಸಿಬಿಟ್ಟಿರುತ್ತಾರೆ. ಕಿವಿ ಕೇಳದವರಿಗೆ ಸೌಂಡ್ ಆಫ್ ಮಾಡಿಕೊಟ್ಟ ಹಾಗೆ!

ಯಾವುದು ಅಂತ ಕಂಡುಹಿಡಿಯುವುದು ಸುಲಭ. ಅನುಕರಣೆಯ ಫಿಲ್ಟರ್ ಆದರೆ, ನೋಟ ಸರಿಯಿರುವ ನಿಮಗೆ ಎಲ್ಲವೂ ಸಾಸಿವೆ ಬಣ್ಣ ಮತ್ತು ನೀಲಿ ಆಗುತ್ತದೆ, ಅವನಿಗೆ ಮೊದಲಿನ ಹಾಗೇ ಇರುತ್ತದೆ, ಯಾಕೆಂದರೆ ಅವನು ಯಾವಾಗಲೂ ನೋಡುವುದು ಹೆಚ್ಚುಕಮ್ಮಿ ಅದನ್ನೇ. ನಿಮ್ಮಲ್ಲಿ ಆಗಿರುವುದು ಇದೇ ಇರಬಹುದು. ಆದರೆ ಇನ್ನೊಂದು ಸಾಧ್ಯತೆಯೂ ಇದೆ, ಅವನಿಗೆ ಹೊಂದದ ಬಗೆ ಆರಿಸಿರಬಹುದು. ಮೆನುವಿನಲ್ಲಿ ಮೂರು ಹೆಸರು ಇರುತ್ತವೆ. Deuteranopia ಹಸಿರಿನ ಕಡೆ ದೋಷ, Protanopia ಕೆಂಪಿನ ಕಡೆ, Tritanopia ನೀಲಿಯ ಕಡೆ. ಮೂರನೆಯದು ಬಹಳ ಅಪರೂಪ. ಮೊದಲ ಎರಡರಲ್ಲಿ ಯಾವುದು ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಕಪ್ಪು ಹಿನ್ನೆಲೆ ಮೇಲೆ ಕಡು ಕೆಂಪು ಅಕ್ಷರ ತೋರಿಸಿ. ಅಯ್ಯೋ ಇದೇನು ಇಷ್ಟು ಮಂಕು, ಓದೋಕೇ ಆಗ್ತಿಲ್ಲ ಅಂದರೆ ಬಹುಶಃ ಕೆಂಪಿನ ಕಡೆಯದು, ಅವರಿಗೆ ಕೆಂಪು ಕತ್ತಲಾಗಿಯೇ ಕಾಣುತ್ತದೆ. ಆರಾಮಾಗಿ ಓದಿದರೆ ಹಸಿರಿನ ಕಡೆಯದು ಇರಬಹುದು, ಅದೇ ಜಾಸ್ತಿ ಜನಕ್ಕೆ ಇರುವುದು. ಸರಿಯಾಗಿ ತಿಳಿಯಬೇಕು ಅಂದರೆ ಕಣ್ಣಿನ ಡಾಕ್ಟರ ಹತ್ತಿರ ಚುಕ್ಕೆ ಚುಕ್ಕೆ ಅಂಕಿಯ ಇಶಿಹಾರ ಪುಸ್ತಕ ಇರುತ್ತದಲ್ಲ, ಅಲ್ಲಿಂದ ಶುರು ಮಾಡಿ.

ಬಗೆ ಸರಿ ಇದ್ದೂ ಅವನಿಗೆ ಏನೂ ಬದಲಾಗದಿದ್ದರೆ ಆ ಫಿಲ್ಟರ್ ಬಿಟ್ಟುಬಿಡಿ. ಒಳ್ಳೆಯ ಜಾತಿಯ ಫಿಲ್ಟರ್‌ನಿಂದಲೂ ನನಗೆ ಅಷ್ಟೇನೂ ಲಾಭ ಆಗಿಲ್ಲ, ಯಾಕೆಂದರೆ ಅದು ಶತ್ರುವಿನ ಜೊತೆ ಹುಲ್ಲು, ಆಕಾಶ, ಗೋಡೆ ಎಲ್ಲವನ್ನೂ ಒಟ್ಟಿಗೆ ತಳ್ಳುತ್ತದೆ. ನಮಗೆ ಬೇಕಿರುವುದು ಮುಖ್ಯವಾದ ಒಂದು ವಸ್ತುವಿನ ಬಣ್ಣ ಮಾತ್ರ ಬದಲಾಗುವುದು.

ವ್ಯಾಲೊರಂಟ್‌ನಲ್ಲಿ ಇದು ಚೆನ್ನಾಗಿದೆ. ಸೆಟ್ಟಿಂಗ್ಸ್‌ನ General ವಿಭಾಗದಲ್ಲಿ Enemy Highlight Color ಅಂತ ಸಿಗುತ್ತದೆ. ಪರದೆಗೆ ಫಿಲ್ಟರ್ ಬೀಳುವುದಿಲ್ಲ, ಶತ್ರುವಿನ ಸುತ್ತಲಿನ ಗೆರೆಯ ಬಣ್ಣ ಮಾತ್ರ ಕೆಂಪಿನಿಂದ ಹಳದಿಗೋ ನೇರಳೆಗೋ ಹೋಗುತ್ತದೆ. ನಾನು ಮೊದಲು ನನ್ನ ದೋಷದ ಹೆಸರು ಬರೆದಿದ್ದ ಹಳದಿ ಹಾಕಿಕೊಂಡೆ. ಹಸಿರು ಇದ್ದಲ್ಲಿ ಪರವಾಗಿಲ್ಲ, ಆದರೆ ಬೈಂಡ್ ಮ್ಯಾಪ್‌ನಲ್ಲಿ ಎಲ್ಲಾ ಕಡೆ ಮರಳು ಬಣ್ಣದ ಗೋಡೆ, ಹಳದಿ ಗೆರೆ ಅದರಲ್ಲೇ ಮುಳುಗಿತು. ಆಮೇಲೆ Tritanopia ಅಂತ ಬರೆದಿದ್ದ ನೇರಳೆ ಹಾಕಿದೆ. ನನಗೆ ಅದು ನೇರಳೆ ಅಲ್ಲ, ನೀಲಿಯೇ, ಆದರೆ ಮರಳಿನ ಮುಂದೆ ನೀಲಿ ಸಿಕ್ಕಾಪಟ್ಟೆ ಎದ್ದು ಕಾಣುತ್ತದೆ. ಹಾಗಾಗಿ ಪಕ್ಕದ ಹೆಸರು ನೋಡಿ ಆರಿಸಬೇಡಿ. ಅಭ್ಯಾಸದ ರೇಂಜಿಗೆ ಹೋಗಿ ಒಂದೊಂದೇ ಹಾಕಿ, ಅವನೇ ಹೇಳಲಿ. ಬಣ್ಣ ಸರಿ ಕಾಣುವ ಎಷ್ಟೋ ಜನ ಕೂಡ ಹಳದಿ, ನೇರಳೆಯಲ್ಲೇ ಆಡುತ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ.

ಬಣ್ಣದ ಜೊತೆ ಆಕಾರವೂ ಬದಲಾದರೆ ಇನ್ನೂ ಆರಾಮ. ಮೈನ್‌ಕ್ರಾಫ್ಟ್ ನೋಡಿ. ಮೊದಲು ಎಷ್ಟೋ ಅದಿರುಗಳನ್ನು ಬಣ್ಣದಿಂದಲೇ ಗುರುತಿಸಬೇಕಿತ್ತು. 2021ರ 1.17 ಆವೃತ್ತಿಯಲ್ಲಿ ಅದಿರುಗಳ ಚಿತ್ರವನ್ನೇ ಬದಲಾಯಿಸಿ, ಒಂದೊಂದಕ್ಕೂ ಬೇರೆ ಬೇರೆ ಆಕಾರದ ಚುಕ್ಕೆ ಕೊಟ್ಟರು. ಯಾವ ಮೋಡೂ ಹಾಕಬೇಕಾಗಿಲ್ಲ, ಮೆನು ಹುಡುಕಬೇಕಾಗಿಲ್ಲ.

ಬಣ್ಣ ಬಿಟ್ಟು ಬೇರೆ ಆಪ್ಷನ್‌ಗಳಿಗೆ ಬಂದರೆ, ಅದೇ ಗೇಮಿನ ಜಾವಾ ಆವೃತ್ತಿಯಲ್ಲಿ ಕಿವಿ ಕೇಳದವರಿಗೆ ಅನುಕೂಲವಾಗುವ ಸಬ್‌ಟೈಟಲ್ ಕೂಡ ಇದೆ. ಬರೀ ಮಾತಿನದಲ್ಲ, ಸದ್ದಿನದು. ಕ್ರೀಪರ್ ಹತ್ತಿರ ಬಂದು ಸಿಡಿಯುವ ಮುಂಚೆ ಬುಸ್ ಅಂದಾಗ ಮೂಲೆಯಲ್ಲಿ "Creeper hisses" ಅಂತ ಬರುತ್ತದೆ, ಎಡಕ್ಕೋ ಬಲಕ್ಕೋ ಅಂತ ತೋರಿಸಲು ಪಕ್ಕದಲ್ಲಿ ಒಂದು ಬಾಣದ ಗುರುತು. ಸಿಡಿಯಲು ಇರುವುದೇ ಒಂದೂವರೆ ಸೆಕೆಂಡು, ಹಾಗಾಗಿ ಯಾವ ಕಡೆ ಅಂತ ಗೊತ್ತಾಗುವುದು ಮುಖ್ಯ ಅಲ್ವಾ. ಪಾತ್ರದ ಮಾತು ಮಾತ್ರ ಬರೆದು ಹೆಜ್ಜೆ ಸಪ್ಪಳ ಬಿಟ್ಟುಬಿಡುವ ಸಬ್‌ಟೈಟಲ್‌ನಿಂದ ಕಥೆ ಅರ್ಥ ಆಗುತ್ತದೆ, ಆಟ ಆಡಲು ಆಗುವುದಿಲ್ಲ.

ಕಂಟ್ರೋಲರ್‌ನ ಬಟನ್ ಬದಲಾಯಿಸಿಕೊಳ್ಳುವ ಆಪ್ಷನ್ ಬಗ್ಗೆ ಒಂದೇ ಮಾತು. ಆದಷ್ಟೂ ಗೇಮಿನ ಒಳಗೇ ಬದಲಾಯಿಸಿ. ಪ್ಲೇಸ್ಟೇಷನ್‌ನ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿದರೆ ಗೇಮಿಗೆ ಅದು ಗೊತ್ತೇ ಆಗುವುದಿಲ್ಲ, ನೀವು ವೃತ್ತವನ್ನು ಚೌಕಕ್ಕೆ ಹಾಕಿದ್ದರೂ ಪರದೆ ಮೇಲೆ "ವೃತ್ತ ಒತ್ತಿ" ಅಂತಲೇ ಬರುತ್ತದೆ. ನಾನು ಬಲಗೈ ಹೆಬ್ಬೆರಳು ಉಳುಕಿಸಿಕೊಂಡಿದ್ದಾಗ ಒಂದು ವಾರ ಹೀಗೆ ಒದ್ದಾಡಿದ್ದೆ.

ಗೇಮಿನಲ್ಲಿ ಬಣ್ಣ ಆರಿಸುವ ಆಪ್ಷನ್ನೇ ಇಲ್ಲದಿದ್ದರೆ, ವಿಂಡೋಸ್‌ನಲ್ಲಿ Accessibility ಒಳಗೆ Color filters ಇದೆ. ಅಲ್ಲೇ Grayscale ಕೂಡ ಇದೆ, ಅದನ್ನು ಹಾಕಿಕೊಂಡು ನೀವೇ ಅವನ ಗೇಮಿನ ಸ್ಕ್ರೀನ್‌ಶಾಟ್ ಒಮ್ಮೆ ನೋಡಿ. ಬೂದು ಬಣ್ಣದಲ್ಲೂ ಶತ್ರು ಕಂಡರೆ ಅವನಿಗೂ ಸಾಮಾನ್ಯವಾಗಿ ಕಾಣುತ್ತಾನೆ. ಕೆಂಪಿನ ದೋಷ ಇದ್ದರೆ ಮಾತ್ರ ಈ ಪರೀಕ್ಷೆ ಸ್ವಲ್ಪ ತಪ್ಪುತ್ತದೆ, ಅವರ ಕಣ್ಣಿಗೆ ಕೆಂಪು ಆ ಬೂದಿಗಿಂತ ಇನ್ನೂ ಕಪ್ಪು. ಯಾವ ಗೇಮ್ ಅಂತ ಕಾಮೆಂಟ್‌ನಲ್ಲಿ ಹಾಕಿ, ನಾನು ಆಡಿದ್ದರೆ ಯಾವ ಬಣ್ಣ ಇಟ್ಟುಕೊಂಡಿದ್ದೇನೆ ಅಂತ ಹೇಳ್ತೀನಿ.