ಆಪ್ತಸಲಹೆ ಪ್ರಕರಣ: ‘ನಿರ್ವಹಣೆ’ ಎಂಬ ಒಂದು ಪದ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಗೋಕಾಕ ಕಡೆಯ ಬಿ.ಫಾರ್ಮ ಪದವೀಧರೆಯೊಬ್ಬರು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಎರಡೂವರೆ ವರ್ಷ ಔಷಧ ಪ್ರಯೋಗಗಳ ಸ್ಟಡಿ ಕೋಆರ್ಡಿನೇಟರ್ ಆಗಿದ್ದು, ಪ್ರಾಯೋಜಕರ ಪರವಾಗಿ ಆಸ್ಪತ್ರೆಗಳಿಗೆ ವಿಸಿಟ್ ಹೋಗಿ ಟ್ರಯಲ್ ಪರಿಶೀಲಿಸುವ ಕ್ಲಿನಿಕಲ್ ರಿಸರ್ಚ್ ಅಸೋಸಿಯೇಟ್, ಅಂದರೆ ಮಾನಿಟರ್ ಹುದ್ದೆಗೆ ನಾಲ್ಕು ಕಡೆ ಅರ್ಜಿ ಹಾಕಿದ್ದರು. ಸಂದರ್ಶನಕ್ಕೆ ಕರೆ ಬಂದದ್ದು ಒಂದೇ ಕಡೆಯಿಂದ. ಅಲ್ಲಿ ‘ವಿಸಿಟ್ ಮುಗಿದ ಮೇಲೆ ಫಾಲೋಅಪ್ ಲೆಟರಿನಲ್ಲಿ ಏನು ಬರೆದಿರಿ?’ ಎಂದು ಕೇಳಿದಾಗ ಅವರಿಗೆ ಮಾತೇ ಹೊರಡಲಿಲ್ಲವಂತೆ.

ಅವರ ರೆಸ್ಯೂಮೆಯಲ್ಲಿ ‘1ರಿಂದ 4ನೇ ಹಂತದ ಟ್ರಯಲ್‌ಗಳ ಅನುಭವ, ಎಲ್ಲ ಬಗೆಯ ಮಾನಿಟರಿಂಗ್ ವಿಸಿಟ್‌ಗಳ ನಿರ್ವಹಣೆ’ ಎಂದಿತ್ತು. ಮೊದಲ ಹಂತ ಯಾವುದೆಂದು ಕೇಳಿದೆ. ತರಬೇತಿಯ ವೇಳೆ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆದ, ಎರಡು ಔಷಧಗಳು ದೇಹಕ್ಕೆ ಒಂದೇ ರೀತಿ ಸೇರುತ್ತವೆಯೇ ಎಂದು ಹೋಲಿಸುವ ಬಯೋಈಕ್ವಿವಲೆನ್ಸ್ ಅಧ್ಯಯನವೊಂದನ್ನು ಹತ್ತು ದಿನ ನೋಡಿದ್ದರು. ಅದನ್ನು ಮೊದಲ ಹಂತ ಎನ್ನದೆ ಅದರ ಹೆಸರಿನಲ್ಲೇ ಬರೆಯಬೇಕಿತ್ತು. ಎರಡನೆಯ ಹಂತದ ಅನುಭವ ಇರಲೇ ಇಲ್ಲ. ನಿಜವಾಗಿ ಕೈಯಾಡಿಸಿದ್ದು ಮಧುಮೇಹದ ಒಂದು ಮೂರನೇ ಹಂತದ ಟ್ರಯಲ್ ಮತ್ತು ಮಾರುಕಟ್ಟೆಗೆ ಬಂದ ಔಷಧದ ಒಂದು ನಾಲ್ಕನೇ ಹಂತದ ಅಧ್ಯಯನದಲ್ಲಿ ಮಾತ್ರ. ‘ಎಲ್ಲಾರೂ ಹಂಗ ಬರೀತಾರ್ರಿ ಸರ್’ ಎಂದರು. ಬರೆಯುತ್ತಾರೆ, ನಿಜ, ಆದರೆ ಪ್ರಶ್ನೆ ಬರುವುದೂ ಅದೇ ಸಾಲಿನಿಂದ.

ವಿಸಿಟ್‌ಗಳ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾಗಿತ್ತು. ಸೈಟ್ ಆರಂಭಿಸುವ ಒಂದು ವಿಸಿಟ್, ನಡುವಿನ ಒಂಬತ್ತು, ಕ್ಲೋಸ್‌ಔಟ್ ಒಂದು, ಇವೆಲ್ಲವನ್ನೂ ಅವರು ಆಸ್ಪತ್ರೆಯ ಕಡೆಯಿಂದ ಎದುರಿಸಿದ್ದರೇ ಹೊರತು ತಾವೇ ನಡೆಸಿರಲಿಲ್ಲ. ಕಡತಗಳನ್ನು ಮುಂದಿಡುವುದು, ಒಪ್ಪಿಗೆ ಪತ್ರದ ಆವೃತ್ತಿ ತೋರಿಸುವುದು, ಔಷಧದ ಲೆಕ್ಕ ಒಪ್ಪಿಸುವುದು ಕೋಆರ್ಡಿನೇಟರ್ ಕೆಲಸ. ಮೂಲ ದಾಖಲೆಯೊಂದಿಗೆ ದತ್ತಾಂಶ ತಾಳೆ ನೋಡಿ ವಿಸಿಟ್ ವರದಿ ಬರೆಯುವುದು ಮಾನಿಟರ್ ಕೆಲಸ. ‘ನಿರ್ವಹಣೆ’ ಎಂಬ ಪದ ಈ ಗೆರೆಯನ್ನೇ ಅಳಿಸಿಹಾಕಿತ್ತು.

ನಿಯಮಗಳ ಸಾಲಿನಲ್ಲಿ ಹಳೆಯ ಷೆಡ್ಯೂಲ್ ವೈ ಮಾತ್ರವಿತ್ತು. ಅದರ ಜಾಗಕ್ಕೆ ಬಂದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಹೆಸರೇ ಇರಲಿಲ್ಲ. ಆದರೆ ಮಾತಿನ ನಡುವೆ ಒಂದು ಸಂಗತಿ ಹೊರಬಂತು. ಟ್ರಯಲ್‌ನಲ್ಲಿದ್ದ ರೋಗಿಯೊಬ್ಬರು ಬೈಲಹೊಂಗಲದ ಆಸ್ಪತ್ರೆಗೆ ದಾಖಲಾದ ಸುದ್ದಿ ಮನೆಯವರಿಂದ ಎರಡು ದಿನ ತಡವಾಗಿ ತಿಳಿದಿತ್ತು. ಗಂಭೀರ ಪ್ರತಿಕೂಲ ಘಟನೆಯನ್ನು ಸಂಶೋಧಕರು 24 ತಾಸಿನೊಳಗೆ ಔಷಧ ನಿಯಂತ್ರಣ ಪ್ರಾಧಿಕಾರ, ಪ್ರಾಯೋಜಕರು ಮತ್ತು ಎಥಿಕ್ಸ್ ಕಮಿಟಿಗೆ ತಿಳಿಸಬೇಕು. ತಡವಾದರೆ ಕಾರಣ ಕೊಡಬೇಕು. ಆ ಸಂಜೆಯೇ ಇವರು ವಿಳಂಬದ ಕಾರಣದ ಟಿಪ್ಪಣಿಯನ್ನು ಸಿದ್ಧಪಡಿಸಿ ಸಂಶೋಧಕರ ಸಹಿ ಹಾಕಿಸಿದ್ದರು. ರೆಸ್ಯೂಮೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ!

ನಾನು ಕೊಟ್ಟ ಸಲಹೆ ಇಷ್ಟು: ಪ್ರತಿ ಟ್ರಯಲ್‌ಗೂ ಹಂತ, ಕಾಯಿಲೆ, ತಮ್ಮ ಪಾತ್ರ, ರೋಗಿಗಳ ಸಂಖ್ಯೆ ಬರೆಯಿರಿ, ‘11 ಮಾನಿಟರಿಂಗ್ ವಿಸಿಟ್‌ಗಳಿಗೆ ಸೈಟ್ ಕಡೆಯಿಂದ ಸಿದ್ಧತೆ ಮತ್ತು ಆಕ್ಷೇಪಗಳ ಪರಿಹಾರ’ ಎಂದು ತಿದ್ದಿ, ಬೈಲಹೊಂಗಲದ ಘಟನೆಯನ್ನು ರೋಗಿಯ ಗುರುತಿಲ್ಲದೆ ಎರಡು ಸಾಲಿನಲ್ಲಿ ಸೇರಿಸಿ, 2025ರ ಜನವರಿಯಲ್ಲಿ ಅಂತಿಮಗೊಂಡ ಜಿಸಿಪಿ, ಅಂದರೆ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್ ಮಾರ್ಗಸೂಚಿಯ ಆರ್3 ಆವೃತ್ತಿಯನ್ನು ಓದಿದ ಮೇಲಷ್ಟೇ ಅದರ ಹೆಸರು ಹಾಕಿ. ಒಂಟಿಯಾಗಿ ವಿಸಿಟ್ ನಡೆಸದವರು ನೇರ ಹುದ್ದೆಗಿಂತ ಟ್ರೇನಿ ಅಥವಾ ಕಚೇರಿಯಿಂದಲೇ ಕೆಲಸ ಮಾಡುವ ಮಾನಿಟರ್ ಹುದ್ದೆಗೆ ಅರ್ಜಿ ಹಾಕುವುದು ಲೇಸೆಂದೂ, ಅಲ್ಲಿ ಹಿರಿಯರ ಜೊತೆ ಎಷ್ಟು ವಿಸಿಟ್‌ಗೆ ಕಳಿಸುತ್ತಾರೆಂದು ಮೊದಲೇ ಕೇಳಬೇಕೆಂದೂ ಹೇಳಿದೆ.