ಕಳಿಸದೆ ಉಳಿದ ಮೇಲ್: ಗಡುವು ಕೇಳಲು ಹೆದರಿದ ಅಕೌಂಟೆಂಟ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪೀಣ್ಯದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ವಯಸ್ಸು ಮೂವತ್ತರ ಆಸುಪಾಸು. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಸಲಹೆಗೆ ಬಂದಿದ್ದರು. ಮಾತಾಡುತ್ತಾ ಹೋದಂತೆ, ನಿದ್ದೆ ಕೆಡಿಸಿದ್ದು ಅವರ ಫೋನಿನಲ್ಲಿದ್ದ ಒಂದು ಡ್ರಾಫ್ಟ್ ಎಂದು ಗೊತ್ತಾಯಿತು. ಸ್ಟಾಕ್ ರಿಪೋರ್ಟಿಗೆ ಇನ್ನಷ್ಟು ದಿನ ಕೊಡಿ ಎಂದು ಮ್ಯಾನೇಜರಿಗೆ ಬರೆದ ಮೇಲ್. ರಾತ್ರಿ ಬರೆಯುವುದು, ಬೆಳಿಗ್ಗೆ ಓದಿ ಕಳಿಸದೆ ಬಿಡುವುದು.

ಓದಿ ತೋರಿಸಿ ಎಂದೆ. ಮೊದಲ ಪ್ಯಾರಾದಲ್ಲೇ ಮೂರು ಬಾರಿ ಕ್ಷಮೆ. ಆಮೇಲೆ ಅತ್ತೆಯ ಮಂಡಿನೋವು, ಮಗುವಿನ ಜ್ವರ, ಸಿಸ್ಟಮ್ ನಿಧಾನ. ಎಷ್ಟು ದಿನ ಬೇಕು ಎಂಬುದು ಕೊನೆಯ ಸಾಲಿನಲ್ಲಿ, ಅದೂ "ಸ್ವಲ್ಪ ಟೈಮ್" ಎಂದು. "ಇದನ್ನು ಓದಿದರೆ ನಿಮ್ಮ ಸರ್ ಏನು ಮಾಡಬೇಕು?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಅಯ್ಯೋ ಪಾಪ ಅನ್ನಬೇಕು ಅಷ್ಟೇ ಮೇಡಂ" ಎಂದು ತಾವೇ ನಕ್ಕರು.

ಮೇಲ್ ಪಕ್ಕಕ್ಕಿಟ್ಟು, ಕೈಯಲ್ಲಿರುವ ಕೆಲಸಗಳನ್ನು ಹಾಳೆಯ ಮೇಲೆ ಬರೆಸಿದೆ. ಯಾರು ಕೊಟ್ಟದ್ದು, ಎಷ್ಟು ದಿನದ ಕೆಲಸ, ತಡವಾದರೆ ಏನಾಗುತ್ತದೆ. ಹಿಂದಿನ ತಿಂಗಳ ಮಾರಾಟದ ವಿವರ ತೋರಿಸುವ ಜಿಎಸ್‌ಟಿಆರ್-1 ಸಲ್ಲಿಸಲು 11ನೇ ತಾರೀಕು ಕೊನೆ, ಬಿಲ್ಲು ಮತ್ತು ಕ್ರೆಡಿಟ್ ನೋಟ್ ತಾಳೆ ನೋಡಲು ಎರಡು ದಿನ. ಸ್ಟಾಕ್ ರಿಪೋರ್ಟ್ 10ಕ್ಕೆ, ಮೂರೂವರೆ ದಿನ. ಹೊಸ ಸಾಫ್ಟ್‌ವೇರಿಗೆ ಓಪನಿಂಗ್ ಬ್ಯಾಲೆನ್ಸ್ ಏರಿಸುವುದು 11ಕ್ಕೆ, ಮೂರು ದಿನ. ಕೂಡಿಸಿದರೆ ಎಂಟೂವರೆ. 6ರ ಸೋಮವಾರದಿಂದ 11ರ ಶನಿವಾರದವರೆಗೆ ಇದ್ದದ್ದು ಆರೇ ದಿನ. ಇಷ್ಟು ದಿನ "ನನ್ನ ಕೈಲಿ ಆಗ್ತಿಲ್ಲ" ಎಂದುಕೊಂಡಿದ್ದವರು ಆ ಕೂಡಿಕೆಯನ್ನು ಎರಡು ಸಲ ನೋಡಿದರು.

ಮೂರರಲ್ಲಿ ಜಿಎಸ್‌ಟಿ ತಾರೀಕು ಯಾರ ಕೈಯಲ್ಲೂ ಇಲ್ಲ. ತಪ್ಪಿದರೆ 14ಕ್ಕೆ ತಯಾರಾಗುವ ಗ್ರಾಹಕರ ಖರೀದಿ ಪಟ್ಟಿ ಜಿಎಸ್‌ಟಿಆರ್-2ಬಿಯಲ್ಲಿ ಇವರ ಬಿಲ್ಲು ಕಾಣುವುದಿಲ್ಲ, ಆ ಬಿಲ್ಲುಗಳ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಗೆ ಕಟ್ಟಿದ ತೆರಿಗೆಯ ವಜಾ, ಆ ತಿಂಗಳು ಅವರಿಗೆ ಸಿಗುವುದಿಲ್ಲ. ಉಳಿದೆರಡು ಕಚೇರಿಯೊಳಗಿನ ತಾರೀಕುಗಳು. ಇನ್ನೊಂದು ವಿಷಯವೂ ಹೊರಬಿತ್ತು: ಓಪನಿಂಗ್ ಬ್ಯಾಲೆನ್ಸ್ ಕೆಲಸ ಕೊಟ್ಟವರು ಜಿಎಂ, ನೇರವಾಗಿ ಕರೆದು. ಮ್ಯಾನೇಜರಿಗೆ ಅದರ ಸುದ್ದಿಯೇ ಗೊತ್ತಿಲ್ಲ. ಇಬ್ಬರು ದೊಡ್ಡವರ ನಡುವಿನ ಹಗ್ಗಜಗ್ಗಾಟವನ್ನು ಈಕೆ ರಾತ್ರಿ ಹಾಸಿಗೆಯಲ್ಲಿ ಒಬ್ಬರೇ ತೀರ್ಮಾನಿಸಲು ಹೊರಟಿದ್ದರು.

ಹೊಸ ತಾರೀಕು ಏನು ಬರೆಯುತ್ತೀರಿ ಎಂದರೆ "13" ಎಂದರು. ಭಾನುವಾರ ಬಿಟ್ಟು ಲೆಕ್ಕ ಹಾಕಿದರೆ ಮೂರೂ ಮುಗಿಯುವುದು 15ರ ಮಧ್ಯಾಹ್ನಕ್ಕೆ, ಒಂದು ದಿನ ಕೈಯಲ್ಲಿಟ್ಟುಕೊಂಡರೆ 16. ಸರ್ ಬೇಸರ ಮಾಡಿಕೊಳ್ಳಬಾರದು ಎಂದು 13 ಬರೆದು, ಆವತ್ತು ಮತ್ತೆ ಹೋಗಿ ಕೇಳುವುದು ಇನ್ನೂ ಕಷ್ಟ. ಮೊದಲ ಸಲ ಕೇಳಿದರೆ ಯೋಜನೆ ಎನಿಸುತ್ತದೆ, ಎರಡನೇ ಸಲ ಕೇಳಿದರೆ ನೆಪ ಎನಿಸುತ್ತದೆ. 16 ಎಂದೇ ಬರೆಯಿರಿ ಎಂದೆ.

ಕಳಿಸಿದ್ದು ಇಂಗ್ಲಿಷಿನಲ್ಲಿ. ಒಕ್ಕಣೆ ಇಷ್ಟು:

"ವಿಷಯ: ಸ್ಟಾಕ್ ರಿಪೋರ್ಟ್, 10ರ ಬದಲು 16ಕ್ಕೆ ಕೊಡಲು ಅನುಮತಿ.
ಸರ್, ಸ್ಟಾಕ್ ರಿಪೋರ್ಟ್ ಪೂರ್ತಿಯಾಗಿ 16ರ ಸಂಜೆಗೆ ಕೊಡಬಲ್ಲೆ. ಈ ವಾರ ಜಿಎಸ್‌ಟಿಆರ್-1 ಇದೆ, 11 ಕೊನೆಯ ದಿನ. ಓಪನಿಂಗ್ ಬ್ಯಾಲೆನ್ಸನ್ನೂ 11ರೊಳಗೆ ಏರಿಸಲು ಜಿಎಂ ಸರ್ ಹೇಳಿದ್ದಾರೆ, ಮೂರು ದಿನದ ಕೆಲಸ. ಕಚ್ಚಾ ಮಾಲು ಮತ್ತು ಸಿದ್ಧ ಮಾಲಿನ ಲೆಕ್ಕ 10ಕ್ಕೇ ಕೊಡುತ್ತೇನೆ. ಜಾಬ್ ವರ್ಕಿಗೆ ಹೊರಗೆ ಹೋಗಿರುವ ಮಾಲಿನ ಲೆಕ್ಕ ಮಾತ್ರ ಬಾಕಿ ಉಳಿಯುತ್ತದೆ. ಪೂರ್ತಿ ರಿಪೋರ್ಟ್ ಮೊದಲೇ ಬೇಕಿದ್ದರೆ, ಓಪನಿಂಗ್ ಬ್ಯಾಲೆನ್ಸ್ ಮುಂದೂಡಬಹುದೇ ತಿಳಿಸಿ."

ಕ್ಷಮೆ ಇಲ್ಲ, ಮಂಡಿನೋವೂ ಇಲ್ಲ. ಮನೆ ಕಷ್ಟ ಸುಳ್ಳೆಂದಲ್ಲ. ರಜೆ ಹಾಕುವಷ್ಟಿದ್ದರೆ ಒಂದು ಸಾಲು ಬರೆಯಬೇಕು. ಇಲ್ಲಿ ತಾರೀಕು ತಪ್ಪುತ್ತಿದ್ದದ್ದು ಅದರಿಂದಲ್ಲ. ಜಿಎಂ ಅವರನ್ನು ಸಿಸಿಯಲ್ಲಿ ಹಾಕಲೇ ಎಂದು ಕೇಳಿದರು. ಬೇಡ ಎಂದೆ, ಅದು ದೂರಿನ ಹಾಗೆ ಕಾಣುತ್ತದೆ. 10ರ ಬೆಳಿಗ್ಗೆವರೆಗೆ ಕಾಯದೆ, 6ಕ್ಕೇ ಟೀ ಹೊತ್ತಿಗೆ ಸರ್‌ಗೆ ಬಾಯಲ್ಲಿ ಒಂದು ಮಾತು ಹೇಳಿ ಮೇಲ್ ಕಳಿಸಲು ತಿಳಿಸಿದೆ.

ಮಧ್ಯಾಹ್ನವೇ ಉತ್ತರ ಬಂತಂತೆ: ಡೈರೆಕ್ಟರುಗಳ ಮೀಟಿಂಗ್ 15ಕ್ಕೆ, ರಿಪೋರ್ಟ್ 14ರ ಸಂಜೆ ಬೇಕು. ಓಪನಿಂಗ್ ಬ್ಯಾಲೆನ್ಸ್ 18ಕ್ಕೆ ಇಟ್ಟುಕೊಳ್ಳಿ, ಜಿಎಂ ಹತ್ತಿರ ನಾನು ಮಾತಾಡುತ್ತೇನೆ. 10 ಎಂಬ ತಾರೀಕಿನಲ್ಲಿ ನಾಲ್ಕು ದಿನದ ಸಡಿಲ ಇದ್ದದ್ದು ಈಕೆಗೆ ಗೊತ್ತೇ ಇರಲಿಲ್ಲ.

ಎಲ್ಲ ಮ್ಯಾನೇಜರೂ ಹೀಗೆ ಉತ್ತರಿಸುವುದಿಲ್ಲ. "ಮೂರೂ ಆಗಲೇಬೇಕು" ಎಂದು ಬಂದಿದ್ದರೆ, ಯಾವ ಕ್ರಮದಲ್ಲಿ ಮಾಡುತ್ತೇನೆ, ಯಾವುದು ಎಂದು ಮುಗಿಯುತ್ತದೆ ಎಂದು ಎರಡು ಸಾಲಿನ ಮೇಲ್ ಮತ್ತೆ ಬರೆಯುವುದೆಂದು ಮೊದಲೇ ಮಾತಾಗಿತ್ತು. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಪ್ರತಿ ತಿಂಗಳ ಮೊದಲ ವಾರವೂ ಇದೇ ಪಾಡು ಎಂದಿದ್ದಾರೆ. ಹಾಗಿದ್ದರೆ ಕೇಳಬೇಕಾದದ್ದು ಗಡುವಲ್ಲ, ಇನ್ನೊಬ್ಬ ಸಹಾಯಕ. ಮೂರು ತಿಂಗಳ ಕೆಲಸದ ಪಟ್ಟಿಯನ್ನು ಇದೇ ರೀತಿ ದಿನದ ಲೆಕ್ಕದಲ್ಲಿ ಬರೆದು ತರಲು ಹೇಳಿದ್ದೇನೆ.